ಒಂದೇ ಪ್ರಶ್ನೆಯಲ್ಲಿ ಸರಳ ಬಡ್ಡಿ, ಚಕ್ರಬಡ್ಡಿ ಮತ್ತು ಮಾಸಿಕ ಕಂತು: ಲೆಕ್ಕವನ್ನು ಹಂತ ಹಂತವಾಗಿ ಬಿಡಿಸುವ ಕ್ರಮ

ವಾಣಿಜ್ಯ ಗಣಿತದ ಪರೀಕ್ಷೆಯಲ್ಲಿ ಸರಳ ಬಡ್ಡಿಯನ್ನಷ್ಟೇ ಅಥವಾ ಚಕ್ರಬಡ್ಡಿಯನ್ನಷ್ಟೇ ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ತಡವರಿಸುವುದಿಲ್ಲ. ಇವೆರಡರ ಜೊತೆಗೆ ಮಾಸಿಕ ಕಂತನ್ನೂ ಸೇರಿಸಿ ಒಂದೇ ಸಾಲದ ಮೇಲೆ ಮೂರು ಉಪಪ್ರಶ್ನೆಗಳನ್ನು ಕೇಳಿದಾಗ ತೊಡಕು ಆರಂಭವಾಗುತ್ತದೆ. ಹಿಂದಿನ ಉಪಪ್ರಶ್ನೆಯ ಉತ್ತರವನ್ನು ಮುಂದಿನದಕ್ಕೆ ಬಳಸಬೇಕೆಂಬ ಭ್ರಮೆಯನ್ನು ಪ್ರಶ್ನೆಯ ಜೋಡಣೆಯೇ ಹುಟ್ಟಿಸುತ್ತದೆ. ಅಂಥ ಒಂದು ಪ್ರಶ್ನೆಯನ್ನು ಇಲ್ಲಿ ಕೊನೆಯವರೆಗೂ ಬಿಡಿಸೋಣ.

ಪ್ರಶ್ನೆ: ಒಬ್ಬ ಕಿರಾಣಿ ವ್ಯಾಪಾರಿಯು ವಾರ್ಷಿಕ 12% ಬಡ್ಡಿ ದರದಲ್ಲಿ ₹1,00,000 ಸಾಲವನ್ನು 2 ವರ್ಷಗಳ ಅವಧಿಗೆ ಪಡೆಯುತ್ತಾನೆ. (ಅ) ಅವಧಿಯ ಕೊನೆಯಲ್ಲಿ ಒಂದೇ ಬಾರಿಗೆ ಸಾಲ ತೀರಿಸುವುದಾದರೆ ಸರಳ ಬಡ್ಡಿ ಎಷ್ಟು? (ಆ) ಅದೇ ರೀತಿ ತೀರಿಸುವಾಗ ಬಡ್ಡಿಯನ್ನು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸಿದರೆ ಮತ್ತು ತಿಂಗಳಿಗೊಮ್ಮೆ ಸೇರಿಸಿದರೆ ಚಕ್ರಬಡ್ಡಿ ತಲಾ ಎಷ್ಟು? (ಇ) ಸಾಲವನ್ನು 24 ಸಮಾನ ಮಾಸಿಕ ಕಂತುಗಳಲ್ಲಿ ತೀರಿಸುವುದಾದರೆ ಫ್ಲಾಟ್ ದರದ ಪ್ರಕಾರ ಮತ್ತು ಇಳಿಕೆ ಬಾಕಿ ಪದ್ಧತಿಯ ಪ್ರಕಾರ ಕಂತಿನ ಮೊತ್ತ ಎಷ್ಟು? (1.01)^24 = 1.26973465 ಎಂದು ತೆಗೆದುಕೊಳ್ಳಿ.

ಲೆಕ್ಕಕ್ಕೆ ಮೊದಲು ಕೇಳಿಕೊಳ್ಳಬೇಕಾದ ಮಾತು

ಸೂತ್ರವನ್ನು ನೆನಪಿಸಿಕೊಳ್ಳುವ ಮೊದಲು ಪ್ರತಿ ಉಪಪ್ರಶ್ನೆಗೂ ಒಂದೇ ಪ್ರಶ್ನೆಯನ್ನು ಹಾಕಬೇಕು: ಬಡ್ಡಿಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಲಾಗುತ್ತಿದೆ, ಮತ್ತು ಆ ಮೊತ್ತವು ಅವಧಿಯುದ್ದಕ್ಕೂ ಹಾಗೆಯೇ ಇರುತ್ತದೆಯೇ, ಬೆಳೆಯುತ್ತದೆಯೇ, ಕರಗುತ್ತದೆಯೇ? ಸರಳ ಬಡ್ಡಿಯಲ್ಲಿ ಅದು ಮೊದಲ ದಿನದಿಂದ ಕೊನೆಯ ದಿನದವರೆಗೆ ₹1,00,000 ಆಗಿಯೇ ಉಳಿಯುತ್ತದೆ. ಚಕ್ರಬಡ್ಡಿಯಲ್ಲಿ ಕಟ್ಟದ ಬಡ್ಡಿಯು ಅಸಲಿಗೆ ಸೇರುತ್ತಾ ಹೋಗುವುದರಿಂದ ಆ ಮೊತ್ತ ಬೆಳೆಯುತ್ತದೆ. ಇಳಿಕೆ ಬಾಕಿಯ ಕಂತಿನಲ್ಲಿ ಪ್ರತಿ ತಿಂಗಳೂ ಸಾಲದ ಒಂದು ಭಾಗ ತೀರುವುದರಿಂದ ಅದು ಕರಗುತ್ತದೆ. ಮೂರೂ ಉಪಪ್ರಶ್ನೆಗಳಲ್ಲಿ ದರ 12% ಎಂದೇ ಇದ್ದರೂ ಉತ್ತರಗಳು ಬೇರೆಯಾಗುವುದಕ್ಕೆ ಇದೇ ಕಾರಣ.

ಎರಡನೆಯದಾಗಿ, ದರ ಮತ್ತು ಅವಧಿ ಎರಡನ್ನೂ ಒಂದೇ ಕಾಲಮಾನಕ್ಕೆ ತರಬೇಕು. ಲೆಕ್ಕ ವರ್ಷದ ಪ್ರಕಾರ ನಡೆದರೆ ದರ 0.12 ಮತ್ತು ಅವಧಿ 2. ತಿಂಗಳ ಪ್ರಕಾರ ನಡೆದರೆ ದರ 0.12 ÷ 12 = 0.01 ಮತ್ತು ಅವಧಿ 24. ನಮ್ಮ ಊರುಗಳಲ್ಲಿ ಕೈಸಾಲದ ಮಾತಿನಲ್ಲಿ ಇದನ್ನೇ ‘ಒಂದು ರೂಪಾಯಿ ಬಡ್ಡಿ’ ಎನ್ನುತ್ತಾರೆ, ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ‘ಎರಡು ರೂಪಾಯಿ ಬಡ್ಡಿ’ ಎಂದರೆ ವರ್ಷಕ್ಕೆ 24%. ದರವನ್ನು 0.01 ಎಂದು ಬರೆದು ಅವಧಿಯನ್ನು 2 ಎಂದು ಹಾಕುವುದು, ಅಥವಾ ದರವನ್ನು 0.12 ಎಂದು ಇಟ್ಟುಕೊಂಡು ಅವಧಿಯನ್ನು 24 ಎಂದು ಹಾಕುವುದು ಉತ್ತರವನ್ನು ಗುರುತು ಸಿಗದಷ್ಟು ಕೆಡಿಸುತ್ತದೆ. ಆದ್ದರಿಂದ ಪ್ರತಿ ಉಪಪ್ರಶ್ನೆಯ ಮೊದಲ ಸಾಲಿನಲ್ಲಿ P, i, n ಇವುಗಳ ಬೆಲೆಗಳನ್ನು ಹೊಸದಾಗಿ ಬರೆಯುವುದು ಒಳ್ಳೆಯದು. ಇಲ್ಲಿ P ಎಂದರೆ ಅಸಲು, i ಎಂದರೆ ಒಂದು ಕಾಲಾವಧಿಯ ಬಡ್ಡಿ ದರ, n ಎಂದರೆ ಅಂಥ ಕಾಲಾವಧಿಗಳ ಸಂಖ್ಯೆ.

(ಅ) ಸರಳ ಬಡ್ಡಿ

P = 1,00,000, i = 0.12, n = 2.

ಸರಳ ಬಡ್ಡಿ = P × i × n = 1,00,000 × 0.12 × 2 = ₹24,000

ಅವಧಿಯ ಕೊನೆಯಲ್ಲಿ ಕೊಡಬೇಕಾದ ಒಟ್ಟು ಮೊತ್ತ ₹1,24,000. ಇಲ್ಲಿ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ. ಮೊದಲ ವರ್ಷದ ₹12,000 ಬಡ್ಡಿಯನ್ನು ವ್ಯಾಪಾರಿ ಇನ್ನೂ ಕೊಟ್ಟಿಲ್ಲವಾದರೂ ಆ ಹಣದ ಮೇಲೆ ಎರಡನೆಯ ವರ್ಷದಲ್ಲಿ ಬಡ್ಡಿ ಹಾಕಿಲ್ಲ ಎಂಬುದನ್ನು ಮಾತ್ರ ಗಮನದಲ್ಲಿಡಬೇಕು. ಮುಂದಿನ ಹಂತದ ವ್ಯತ್ಯಾಸ ಅಲ್ಲಿಂದಲೇ ಬರುತ್ತದೆ.

(ಆ) ಚಕ್ರಬಡ್ಡಿ

ವರ್ಷಕ್ಕೊಮ್ಮೆ ಬಡ್ಡಿ ಸೇರಿಸುವಾಗ i = 0.12, n = 2.

A = P(1 + i)^n = 1,00,000 × (1.12)^2 = 1,00,000 × 1.2544 = ₹1,25,440

ಚಕ್ರಬಡ್ಡಿ = 1,25,440 − 1,00,000 = ₹25,440. ಸರಳ ಬಡ್ಡಿಗಿಂತ ಇದು ₹1,440 ಹೆಚ್ಚು. ಈ ₹1,440 ಎಲ್ಲಿಂದ ಬಂತೆಂದು ನೋಡಿದರೆ, ಅದು ಮೊದಲ ವರ್ಷದ ಬಡ್ಡಿ ₹12,000ದ ಮೇಲೆ ಎರಡನೆಯ ವರ್ಷಕ್ಕೆ ಬಿದ್ದ 12% ಬಡ್ಡಿ ಮಾತ್ರ. ಎರಡು ವರ್ಷಗಳ ಅವಧಿಯಲ್ಲಿ ಚಕ್ರಬಡ್ಡಿ ಮತ್ತು ಸರಳ ಬಡ್ಡಿಗಳ ವ್ಯತ್ಯಾಸ P × i² ಎಂಬ ಸೂತ್ರವನ್ನು ಕಂಠಪಾಠ ಮಾಡುವವರಿಗೆ ಅದರ ಅರ್ಥ ಇಷ್ಟೇ ಎಂದು ತಿಳಿದರೆ, ಮೂರು ವರ್ಷಗಳ ಪ್ರಶ್ನೆಗೆ ಅದೇ ಸೂತ್ರವನ್ನು ಹಚ್ಚುವ ತಪ್ಪು ಆಗುವುದಿಲ್ಲ.

ತಿಂಗಳಿಗೊಮ್ಮೆ ಸೇರಿಸುವಾಗ i = 0.01, n = 24.

A = 1,00,000 × (1.01)^24 = 1,00,000 × 1.26973465 = ₹1,26,973.46 (ಪೈಸೆಗೆ ಸರಿಹೊಂದಿಸಿ)

ಚಕ್ರಬಡ್ಡಿ ₹26,973.46. ದರ ಅದೇ 12% ಎಂದಿದ್ದರೂ ವರ್ಷಕ್ಕೊಮ್ಮೆಯ ಲೆಕ್ಕಕ್ಕಿಂತ ಇದು ₹1,533.46 ಹೆಚ್ಚಾಗಿದೆ. (1.01)^12 = 1.126825 ಆಗುವುದರಿಂದ, ತಿಂಗಳಿಗೊಮ್ಮೆ ಸೇರಿಸುವ 12% ದರವು ಒಂದು ವರ್ಷದಲ್ಲಿ ವಾಸ್ತವವಾಗಿ 12.68% ಬಡ್ಡಿಯನ್ನು ತರುತ್ತದೆ. ಪ್ರಶ್ನೆಯಲ್ಲಿ ‘ಪರಿಣಾಮಕಾರಿ ದರ’ ಎಂದು ಕೇಳಿದ್ದರೆ ಬರೆಯಬೇಕಾದದ್ದು ಈ ಸಂಖ್ಯೆಯನ್ನೇ. ಚಕ್ರಬಡ್ಡಿ ಎಂದಷ್ಟೇ ಹೇಳಿ ಎಷ್ಟು ಕಾಲಕ್ಕೊಮ್ಮೆ ಎಂಬುದನ್ನು ಪ್ರಶ್ನೆ ಹೇಳದಿದ್ದರೆ ವರ್ಷಕ್ಕೊಮ್ಮೆ ಎಂದೇ ತಿಳಿದು, ಹಾಗೆ ತಿಳಿದಿರುವುದನ್ನು ಉತ್ತರದಲ್ಲಿ ಒಂದು ಸಾಲಿನಲ್ಲಿ ನಮೂದಿಸಬೇಕು.

(1.01)^24ರ ಬೆಲೆಯನ್ನು ಪ್ರಶ್ನೆಯಲ್ಲಿ ಕೊಡದೆ ಹೋದರೂ ಹೆದರಬೇಕಾಗಿಲ್ಲ. 1.01ರ ವರ್ಗ 1.0201, ಅದರ ವರ್ಗ 1.04060401, ಅಂದರೆ ನಾಲ್ಕನೆಯ ಘಾತ. ಅದರ ವರ್ಗ 1.08285671, ಎಂಟನೆಯ ಘಾತ. ಮತ್ತೊಮ್ಮೆ ವರ್ಗ ಮಾಡಿದರೆ 1.17257864, ಹದಿನಾರನೆಯ ಘಾತ. ಹದಿನಾರು ಮತ್ತು ಎಂಟು ಸೇರಿದರೆ ಇಪ್ಪತ್ತನಾಲ್ಕು ಆಗುವುದರಿಂದ 1.17257864 × 1.08285671 = 1.26973465. ಐದು ಗುಣಾಕಾರಗಳಲ್ಲಿ ಕೆಲಸ ಮುಗಿಯುತ್ತದೆ. ನಾಲ್ಕು ಅಂಕಿಗಳ ಲಾಗರಿದಮ್ ಕೋಷ್ಟಕವನ್ನು ಇಲ್ಲಿ ನಂಬುವುದು ಅಷ್ಟು ಕ್ಷೇಮವಲ್ಲ. ಕೋಷ್ಟಕದಲ್ಲಿ 1.01ರ ಲಾಗ್ 0.0043 ಎಂದಿರುತ್ತದೆ, ನಿಜವಾದ ಬೆಲೆ 0.00432ರಷ್ಟು; ಆ ಸಣ್ಣ ಕೊರತೆ 24ರಿಂದ ಗುಣಿಸಲ್ಪಟ್ಟು ಉತ್ತರದ ಮೂರನೆಯ ದಶಮಾಂಶ ಸ್ಥಾನವನ್ನೇ ಅಲುಗಾಡಿಸುತ್ತದೆ.

(ಇ) ಮೊದಲ ಭಾಗ: ಫ್ಲಾಟ್ ದರದ ಕಂತು

ಫ್ಲಾಟ್ ದರ ಎಂದರೆ ಇಡೀ ಅವಧಿಗೆ ಮೂಲ ಅಸಲಿನ ಮೇಲೆಯೇ ಸರಳ ಬಡ್ಡಿ ಹಾಕಿ, ಅಸಲು ಮತ್ತು ಬಡ್ಡಿಗಳ ಮೊತ್ತವನ್ನು ಕಂತುಗಳ ಸಂಖ್ಯೆಯಿಂದ ಭಾಗಿಸುವುದು. ಆದ್ದರಿಂದ (ಅ) ಉತ್ತರವನ್ನು ನೇರವಾಗಿ ಬಳಸಿಕೊಳ್ಳಬಹುದಾದ ಜಾಗ ಇದೊಂದೇ.

ಕಂತು = (1,00,000 + 24,000) ÷ 24 = 1,24,000 ÷ 24 = ₹5,166.67

ಲೆಕ್ಕ ಸುಲಭ, ಆದರೆ ಅದರೊಳಗಿನ ಅನ್ಯಾಯವನ್ನು ಗುರುತಿಸಬೇಕು. ಇಪ್ಪತ್ತಮೂರನೆಯ ಕಂತು ಕಟ್ಟಿದ ಮೇಲೆ ಸಾಲದ ಬಹುಪಾಲು ತೀರಿದ್ದರೂ, ಕೊನೆಯ ತಿಂಗಳಿಗೂ ಪೂರ್ತಿ ಒಂದು ಲಕ್ಷದ ಮೇಲಿನ ಬಡ್ಡಿಯನ್ನೇ ವ್ಯಾಪಾರಿ ಕಟ್ಟುತ್ತಿರುತ್ತಾನೆ.

(ಇ) ಎರಡನೆಯ ಭಾಗ: ಇಳಿಕೆ ಬಾಕಿ ಪದ್ಧತಿಯ ಕಂತು

ಅತಿ ಹೆಚ್ಚು ಅಂಕಗಳು ಕಳೆದುಹೋಗುವುದು ಇಲ್ಲಿ. ಫ್ಲಾಟ್ ದರದಲ್ಲಿ ಸರಳ ಬಡ್ಡಿಯ ಮೊತ್ತವನ್ನು 24ರಿಂದ ಭಾಗಿಸಿದ್ದರಿಂದ, ಇಳಿಕೆ ಬಾಕಿಯಲ್ಲಿ ಚಕ್ರಬಡ್ಡಿಯ ಮೊತ್ತವನ್ನು 24ರಿಂದ ಭಾಗಿಸಬೇಕೆಂದು ಅನೇಕರು ಊಹಿಸುತ್ತಾರೆ. ಹಾಗೆ ಮಾಡಿದರೆ 1,26,973.46 ÷ 24 = ₹5,290.56 ಬರುತ್ತದೆ, ಮತ್ತು ಅದು ಫ್ಲಾಟ್ ದರದ ಕಂತಿಗಿಂತಲೂ ಹೆಚ್ಚು. ಬಾಕಿ ಇಳಿಯುತ್ತಿರುವಾಗ ಕಂತು ಹೆಚ್ಚಾಗಲು ಸಾಧ್ಯವಿಲ್ಲವಾದ್ದರಿಂದ ಉತ್ತರ ತಪ್ಪೆಂದು ಅಲ್ಲಿಯೇ ತಿಳಿಯಬೇಕು. ₹1,26,973.46 ಎಂಬುದು ಎರಡು ವರ್ಷ ಒಂದು ರೂಪಾಯಿಯನ್ನೂ ಕಟ್ಟದೆ ಕೊನೆಯಲ್ಲಿ ಕೊಡಬೇಕಾದ ಮೊತ್ತ. ಮೊದಲ ತಿಂಗಳಿನಿಂದಲೇ ಹಣ ಕಟ್ಟುವವನಿಗೆ ಆ ಮೊತ್ತವನ್ನು ಹಂಚುವುದು ಸರಿಯಾಗುವುದಿಲ್ಲ.

ಹಾಗಾದರೆ ಚಕ್ರಬಡ್ಡಿಗೂ ಕಂತಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ಭಾಗಾಕಾರದ ಸಂಬಂಧವಲ್ಲ. ಸಾಲ ಕೊಟ್ಟವನ ಕಡೆಯಿಂದ ಯೋಚಿಸಿದರೆ ಅದು ಸ್ಪಷ್ಟವಾಗುತ್ತದೆ. ಅವನು ಕೊಟ್ಟ ₹1,00,000ವು ತಿಂಗಳಿಗೆ 1% ಬೆಳೆಯುತ್ತಾ 24 ತಿಂಗಳ ಕೊನೆಗೆ ₹1,26,973.46 ಆಗಬೇಕು. ಅವನಿಗೆ ಮರಳಿ ಬರುತ್ತಿರುವ ಕಂತುಗಳನ್ನೂ ಅದೇ 1% ದರದಲ್ಲಿ ಬೆಳೆಸಿದರೆ, ಕೊನೆಯ ದಿನ ಅವೆಲ್ಲ ಸೇರಿ ಅಷ್ಟೇ ಮೊತ್ತವಾಗಬೇಕು. ಮೊದಲ ಕಂತು 23 ತಿಂಗಳು ಬೆಳೆಯುತ್ತದೆ, ಎರಡನೆಯದು 22 ತಿಂಗಳು, ಹೀಗೆ ಕೊನೆಯ ಕಂತು ಬೆಳೆಯುವುದೇ ಇಲ್ಲ. ಕಂತನ್ನು E ಎಂದು ಕರೆದರೆ:

E × [(1.01)^23 + (1.01)^22 + … + 1.01 + 1] = 1,00,000 × (1.01)^24

ಎಡಗಡೆಯ ಆವರಣದಲ್ಲಿರುವುದು ಗುಣೋತ್ತರ ಶ್ರೇಢಿ, ಅದರ ಮೊತ್ತ [(1.01)^24 − 1] ÷ 0.01. ಆ ಮೊತ್ತವನ್ನು ಬಲಗಡೆಗೆ ತೆಗೆದುಕೊಂಡು ಹೋದರೆ ಪರಿಚಿತ ಸೂತ್ರ ತಾನಾಗಿಯೇ ಸಿಗುತ್ತದೆ:

E = P × i × (1 + i)^n ÷ [(1 + i)^n − 1]

ಈ ದಾರಿಯನ್ನು ಒಮ್ಮೆ ನಡೆದವರಿಗೆ ಸೂತ್ರ ಮರೆತರೂ ಪರೀಕ್ಷಾ ಕೊಠಡಿಯಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳಲು ಸಾಧ್ಯ, ಆದ್ದರಿಂದ ಸೂತ್ರಕ್ಕಿಂತ ಈ ಸಮೀಕರಣವನ್ನೇ ನೆನಪಿಡುವುದು ಲೇಸೆಂದು ನನಗೆ ತೋರುತ್ತದೆ. ಈಗ ಬೆಲೆಗಳನ್ನು ಹಾಕೋಣ:

E = 1,00,000 × 0.01 × 1.26973465 ÷ 0.26973465

E = 1,000 × 4.70735 = ₹4,707.35

ಒಟ್ಟು ಕಟ್ಟುವ ಹಣ ಸುಮಾರು ₹1,12,976. ಅದರಲ್ಲಿ ಬಡ್ಡಿ ಸುಮಾರು ₹12,976. ಫ್ಲಾಟ್ ದರದಲ್ಲಿ ಬಡ್ಡಿ ₹24,000 ಇತ್ತು. ತಿಂಗಳಿಗೆ ₹459.32ರಷ್ಟು ವ್ಯತ್ಯಾಸವು ಎರಡು ವರ್ಷಗಳಲ್ಲಿ ₹11,000 ದಾಟುತ್ತದೆ.

ಛೇದದಲ್ಲಿರುವ 0.26973465 ಒಂದು ವ್ಯವಕಲನದಿಂದ ಬಂದದ್ದು ಎಂಬುದನ್ನು ಮರೆಯಬಾರದು, ಏಕೆಂದರೆ ದಶಮಾಂಶಗಳನ್ನು ಕತ್ತರಿಸುವಾಗ ಆಗುವ ಸಣ್ಣ ದೋಷವು ಇಲ್ಲಿ ಹಿಗ್ಗುತ್ತದೆ. 1.26973465ನ್ನು 1.2697 ಎಂದು ಇಟ್ಟುಕೊಂಡರೆ ಕಂತು ₹4,707.82 ಬರುತ್ತದೆ, ಅದು ಸಹ್ಯ. ಅದನ್ನೇ 1.27 ಎಂದು ದುಂಡಾಗಿಸಿದರೆ 1,000 × 1.27 ÷ 0.27 = ₹4,703.70 ಆಗುತ್ತದೆ, ಮೂರೂವರೆ ರೂಪಾಯಿಗೂ ಮಿಕ್ಕಿದ ಈ ಅಂತರ 24 ಕಂತುಗಳಲ್ಲಿ ₹80ಕ್ಕೂ ಹೆಚ್ಚಾಗುತ್ತದೆ. ಪ್ರಶ್ನೆಯಲ್ಲಿ ಬೆಲೆ ಕೊಟ್ಟಿದ್ದರೆ ಅದನ್ನು ಕತ್ತರಿಸದೆ ಇದ್ದಂತೆಯೇ ಬಳಸಿ, ದುಂಡಾಗಿಸುವುದನ್ನು ಕೊನೆಯ ಸಾಲಿಗೆ ಬಿಡಬೇಕು. ಕೆಲವು ಪ್ರಶ್ನೆಗಳಲ್ಲಿ (1.01)^−24 = 0.7876 ಎಂದು ಕೊಟ್ಟಿರುತ್ತಾರೆ. ಆಗ E = P × i ÷ [1 − (1 + i)^−n] ಎಂಬ ರೂಪವನ್ನು ಬಳಸಿದರೆ 1,000 ÷ 0.2124 = ₹4,708.10 ಬರುತ್ತದೆ. ಎರಡೂ ರೂಪಗಳು ಒಂದೇ. ಉತ್ತರದಲ್ಲಿನ ಮುಕ್ಕಾಲು ರೂಪಾಯಿಯ ಅಂತರ ನಾಲ್ಕೇ ದಶಮಾಂಶ ಕೊಟ್ಟಿದ್ದರಿಂದ ಬಂದದ್ದು, ಅದಕ್ಕೆ ಅಂಕ ಹೋಗುವುದಿಲ್ಲ.

ಇನ್ನೊಂದು ತಪ್ಪು ನೋಡಲು ಸರಿಯಾದಂತೆಯೇ ಕಾಣುವುದರಿಂದ ಅದನ್ನೂ ಹೇಳಬೇಕು. ಸೂತ್ರದಲ್ಲಿ i = 0.12, n = 2 ಎಂದು ಹಾಕಿ ವಾರ್ಷಿಕ ಕಂತು ₹59,169.81 ಎಂದು ಕಂಡುಹಿಡಿದು, ಅದನ್ನು 12ರಿಂದ ಭಾಗಿಸಿ ₹4,930.82 ಎಂದು ಬರೆಯುವವರಿದ್ದಾರೆ. ವಾರ್ಷಿಕ ಕಂತಿನ ಲೆಕ್ಕವು ಹಣ ವರ್ಷದ ಕೊನೆಯಲ್ಲಿ ಬರುತ್ತದೆ ಎಂದು ತಿಳಿದು ಮಾಡಿದ್ದು. ತಿಂಗಳು ತಿಂಗಳೂ ಕಟ್ಟುವವನು ಹಣವನ್ನು ಮೊದಲೇ ಕೊಡುತ್ತಿರುವುದರಿಂದ ಅವನ ಹೊರೆ ಅದಕ್ಕಿಂತ ಕಡಿಮೆ ಇರಲೇಬೇಕು.

ಉತ್ತರ ಸರಿಯೇ ಎಂದು ತಿಳಿಯುವ ಬಗೆ

ಸಮಯವಿದ್ದರೆ ಕಂತಿನ ವಿವರಪಟ್ಟಿಯ ಮೊದಲ ಮೂರು ಸಾಲುಗಳನ್ನು ಬರೆದು ನೋಡುವುದು ಉತ್ತಮ. ಅನೇಕ ಪ್ರಶ್ನೆಗಳು ಅದನ್ನೇ ಕೇಳುವುದೂ ಉಂಟು.

| ತಿಂಗಳು | ಆರಂಭದ ಬಾಕಿ (₹) | ಬಡ್ಡಿ 1% (₹) | ತೀರಿದ ಅಸಲು (₹) | ಕೊನೆಯ ಬಾಕಿ (₹) |
|---|---|---|---|---|
| 1 | 1,00,000.00 | 1,000.00 | 3,707.35 | 96,292.65 |
| 2 | 96,292.65 | 962.93 | 3,744.42 | 92,548.23 |
| 3 | 92,548.23 | 925.48 | 3,781.87 | 88,766.36 |

ಪ್ರತಿ ಸಾಲಿನಲ್ಲೂ ಮೊದಲು ಬಾಕಿಯ ಮೇಲಿನ ಬಡ್ಡಿಯನ್ನು ಕಂಡುಕೊಂಡು, ಕಂತಿನಿಂದ ಅದನ್ನು ಕಳೆದು, ಉಳಿದದ್ದನ್ನು ಅಸಲಿಗೆ ಜಮಾ ಮಾಡಬೇಕು. ಪಟ್ಟಿಯಲ್ಲಿ ಒಂದು ಸಹಜ ಪರೀಕ್ಷೆ ಅಡಗಿದೆ: ‘ತೀರಿದ ಅಸಲು’ ಎಂಬ ಅಂಕಣವು ತಿಂಗಳಿಗೆ ಸರಿಯಾಗಿ 1% ಬೆಳೆಯಬೇಕು. 3,707.35 × 1.01 = 3,744.42 ಮತ್ತು 3,744.42 × 1.01 = 3,781.86, ಕೊನೆಯ ಪೈಸೆಯ ಏರುಪೇರನ್ನು ಬಿಟ್ಟರೆ ಪಟ್ಟಿ ಸರಿಯಾಗಿದೆ. ಈ ಅಂಕಣ 1% ಬೆಳೆಯದಿದ್ದರೆ ಬಡ್ಡಿಯನ್ನು ಹಿಂದಿನ ಬಾಕಿಯ ಮೇಲೆ ಹಾಕಿದ್ದೀರಿ ಅಥವಾ ಕಂತನ್ನು ಪೂರ್ತಿಯಾಗಿ ಅಸಲಿಗೆ ಕಳೆದಿದ್ದೀರಿ ಎಂದು ಅರ್ಥ.

ಪಟ್ಟಿ ಬರೆಯಲು ಸಮಯವಿಲ್ಲದಿದ್ದರೆ ಅಂದಾಜಿನ ದಾರಿ ಇದೆ. ಪ್ರತಿ ತಿಂಗಳೂ ಅಸಲು ಸಮವಾಗಿ ತೀರುತ್ತದೆ ಎಂದು ಕಲ್ಪಿಸಿಕೊಂಡರೆ ಒಟ್ಟು ಬಡ್ಡಿ P × i × (n + 1) ÷ 2 ಆಗುತ್ತದೆ. ನಮ್ಮ ಲೆಕ್ಕದಲ್ಲಿ 1,00,000 × 0.01 × 12.5 = ₹12,500. ಸಮಾನ ಕಂತಿನಲ್ಲಿ ಆರಂಭದಲ್ಲಿ ಅಸಲು ನಿಧಾನವಾಗಿ ತೀರುವುದರಿಂದ ನಿಜವಾದ ಬಡ್ಡಿ ಇದಕ್ಕಿಂತ ತುಸು ಹೆಚ್ಚಿರಬೇಕು, ಅಂದರೆ ಕಂತು (1,00,000 + 12,500) ÷ 24 = ₹4,687.50ಕ್ಕಿಂತ ಸ್ವಲ್ಪ ಮೇಲಿರಬೇಕು. ₹4,707.35 ಅಲ್ಲಿಯೇ ಕೂರುತ್ತದೆ, ₹5,290.56 ಆಗಲಿ ₹4,930.82 ಆಗಲಿ ಕೂರುವುದಿಲ್ಲ. ಅವಧಿ ಹತ್ತಾರು ವರ್ಷಗಳಾದರೆ, ಉದಾಹರಣೆಗೆ ಗೃಹಸಾಲದ ಪ್ರಶ್ನೆಯಲ್ಲಿ, ಈ ಅಂದಾಜು ನಿಜದಿಂದ ದೂರ ಸರಿಯುತ್ತದೆಯಾದ್ದರಿಂದ ಇದನ್ನು ಎರಡು ಮೂರು ವರ್ಷಗಳ ಸಾಲಕ್ಕಷ್ಟೇ ಇಟ್ಟುಕೊಳ್ಳಬೇಕು.

‘ಚಕ್ರಬಡ್ಡಿ ಇದ್ದೂ ಬಡ್ಡಿ ಕಡಿಮೆ ಏಕೆ?’

ಪ್ರಶ್ನೆಯ ಕೊನೆಯಲ್ಲಿ ‘ಉತ್ತರಗಳನ್ನು ಹೋಲಿಸಿ ವಿವರಿಸಿ’ ಎಂಬ ಮಾತಿದ್ದರೆ ಬರೆಯಬೇಕಾದದ್ದು ಇದನ್ನೇ. ಇಳಿಕೆ ಬಾಕಿಯ ಕಂತನ್ನು ಕಂಡುಹಿಡಿದದ್ದು ಚಕ್ರಬಡ್ಡಿಯ ಸಮೀಕರಣದಿಂದ. ಆದರೂ ಅದರ ಬಡ್ಡಿ ಸರಳ ಬಡ್ಡಿಯ ₹24,000ದ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಇದು ವಿರೋಧಾಭಾಸದಂತೆ ಕಂಡರೂ ಬಾಕಿಯ ಅಂಕಣವನ್ನು ನೋಡಿದರೆ ಗೊಂದಲ ಉಳಿಯುವುದಿಲ್ಲ. ಒಟ್ಟು ಬಡ್ಡಿ ₹12,976ವನ್ನು 1% ದರದಿಂದ ಭಾಗಿಸಿದರೆ ಎಲ್ಲ ತಿಂಗಳುಗಳ ಆರಂಭದ ಬಾಕಿಗಳ ಮೊತ್ತ ₹12,97,600ರಷ್ಟು ಸಿಗುತ್ತದೆ. ಅದನ್ನು 24ರಿಂದ ಭಾಗಿಸಿದರೆ ಸರಾಸರಿ ಬಾಕಿ ಸುಮಾರು ₹54,000. ಅಂದರೆ ವ್ಯಾಪಾರಿಯ ಕೈಯಲ್ಲಿ ಎರಡು ವರ್ಷಗಳ ಕಾಲ ಸರಾಸರಿಯಾಗಿ ಇದ್ದದ್ದು ಒಂದು ಲಕ್ಷವಲ್ಲ, ಐವತ್ತನಾಲ್ಕು ಸಾವಿರ ಮಾತ್ರ. ಪ್ರತಿ ತಿಂಗಳ ಬಡ್ಡಿಯನ್ನು ಆ ತಿಂಗಳ ಕಂತಿನಲ್ಲೇ ಪೂರ್ತಿಯಾಗಿ ಕಟ್ಟಿಬಿಡುವುದರಿಂದ ಬಡ್ಡಿಯ ಮೇಲೆ ಬಡ್ಡಿ ಬೀಳಲು ಅವಕಾಶವೇ ಇರುವುದಿಲ್ಲ. ಕಂತು ತಪ್ಪಿದಾಗ ಮಾತ್ರ ಆ ಬಡ್ಡಿ ಬಾಕಿಗೆ ಸೇರಿ ಚಕ್ರಬಡ್ಡಿ ತನ್ನ ಕೆಲಸ ಆರಂಭಿಸುತ್ತದೆ.

ಇದನ್ನೇ ತಿರುಗಿಸಿದರೆ ಫ್ಲಾಟ್ ದರದ ನಿಜವಾದ ಭಾರವೂ ಗೊತ್ತಾಗುತ್ತದೆ. ತಿಂಗಳಿಗೆ ₹5,166.67ರಂತೆ 24 ಕಂತು ಕಟ್ಟಿ ₹1,00,000 ಸಾಲ ತೀರಿಸುವುದಾದರೆ ಇಳಿಕೆ ಬಾಕಿಯ ಯಾವ ದರಕ್ಕೆ ಅದು ಸಮ? ಇದಕ್ಕೆ ನೇರ ಸೂತ್ರವಿಲ್ಲ. ದರವನ್ನು ಊಹಿಸಿ ಕಂತು ಹೊಂದುವವರೆಗೆ ಪರೀಕ್ಷಿಸಬೇಕು. ತಿಂಗಳಿಗೆ 1.8% ಎಂದು ಹಾಕಿದರೆ (1.018)^24 = 1.53443 ಆಗಿ ಕಂತು ಸುಮಾರು ₹5,168 ಬರುತ್ತದೆ. ನಮಗೆ ಬೇಕಾದದ್ದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರುವುದರಿಂದ ದರವು ತಿಂಗಳಿಗೆ 1.8%ಕ್ಕಿಂತ ಸ್ವಲ್ಪ ಕಡಿಮೆ, ವರ್ಷಕ್ಕೆ ಸುಮಾರು 21.6%. ಹನ್ನೆರಡು ಎಂದು ಹೇಳಿದ ದರ ಬಹುಮಟ್ಟಿಗೆ ಇಪ್ಪತ್ತೆರಡಾಗಿ ಕುಳಿತಿರುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ವಾರ್ಷಿಕ ಶೇಕಡಾವಾರು ದರವನ್ನು ಒಳಗೊಂಡ ಮುಖ್ಯ ಸಂಗತಿಗಳ ಹೇಳಿಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಫ್ಲಾಟ್ ದರದ ಹಿಂದಿನ ನಿಜವಾದ ದರವನ್ನು ಅಂಥ ಹೇಳಿಕೆಯಲ್ಲಿ ನೋಡಬಹುದು.

ಪ್ರಶ್ನೆಯನ್ನು ಮುಂದುವರಿಸಿದಾಗ

ಇದೇ ಪ್ರಶ್ನೆಗೆ ಪರೀಕ್ಷಕರು ಸಾಮಾನ್ಯವಾಗಿ ಎರಡು ಬಾಲಗಳನ್ನು ಸೇರಿಸುತ್ತಾರೆ. ಒಂದು, ‘12 ಕಂತುಗಳ ನಂತರ ವ್ಯಾಪಾರಿ ಉಳಿದ ಸಾಲವನ್ನು ಒಮ್ಮೆಗೇ ತೀರಿಸಲು ಬಯಸಿದರೆ ಎಷ್ಟು ಕೊಡಬೇಕು?’ ಎಂಬುದು. ಅರ್ಧ ಅವಧಿ ಕಳೆದದ್ದರಿಂದ ₹50,000 ಎಂದು ಬರೆಯುವುದು ತಪ್ಪು. ಉಳಿದ 12 ಕಂತುಗಳನ್ನು ಕೂಡಿ ₹56,488 ಎಂದು ಬರೆಯುವುದೂ ತಪ್ಪು, ಏಕೆಂದರೆ ಅದರಲ್ಲಿ ಇನ್ನೂ ಹುಟ್ಟದ ಬಡ್ಡಿಯೂ ಸೇರಿದೆ. ಕಂತು ಕಂಡುಹಿಡಿದ ಅದೇ ಸಮೀಕರಣವನ್ನು ಹನ್ನೆರಡನೆಯ ತಿಂಗಳ ಕೊನೆಯಲ್ಲಿ ನಿಂತು ಬರೆಯಬೇಕು: ಸಾಲ ಅಲ್ಲಿಯವರೆಗೆ ಬೆಳೆದ ಮೊತ್ತದಿಂದ, ಕಟ್ಟಿದ ಕಂತುಗಳು ಅಲ್ಲಿಯವರೆಗೆ ಬೆಳೆದ ಮೊತ್ತವನ್ನು ಕಳೆಯಬೇಕು.

ಬಾಕಿ = 1,00,000 × (1.01)^12 − 4,707.35 × [(1.01)^12 − 1] ÷ 0.01

ಬಾಕಿ = 1,12,682.50 − 59,700.98 = ₹52,981.52

ಕಂತನ್ನು ಪೈಸೆಗೆ ದುಂಡಾಗಿಸಿ ಬಳಸಿದ್ದರಿಂದ ಕೊನೆಯ ಕೆಲವು ಪೈಸೆಗಳು ಬದಲಾಗಬಹುದು. ₹52,982 ಎಂದು ಬರೆದರೆ ಸಾಕು. ಮೊದಲ ವರ್ಷದಲ್ಲಿ ಕಟ್ಟಿದ ₹56,488ರಲ್ಲಿ ಅಸಲಿಗೆ ಹೋದದ್ದು ₹47,018, ಬಡ್ಡಿಗೆ ಹೋದದ್ದು ₹9,470. ಒಟ್ಟು ಬಡ್ಡಿಯ ಮುಕ್ಕಾಲಿಗೆ ಹತ್ತಿರದ ಪಾಲು ಮೊದಲ ವರ್ಷದಲ್ಲೇ ಮುಗಿದಿದೆ. ಆದ್ದರಿಂದ ಎರಡನೆಯ ವರ್ಷದಲ್ಲಿ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಉಳಿಯುವ ಬಡ್ಡಿ ಹೆಚ್ಚೆಂದರೆ ₹3,507.

ಎರಡನೆಯ ಬಾಲ, ‘ಮೊದಲ ಕಂತನ್ನು ಸಾಲ ಪಡೆದ ದಿನವೇ ಕಟ್ಟಬೇಕು’ ಎಂಬ ಷರತ್ತು. ಪ್ರಶ್ನೆಯಲ್ಲಿ ಈ ಮಾತು ಇಲ್ಲದಿದ್ದರೆ ಕಂತು ತಿಂಗಳ ಕೊನೆಯಲ್ಲಿ ಬರುತ್ತದೆ ಎಂದೇ ತಿಳಿಯಬೇಕು. ಇದ್ದರೆ ಪ್ರತಿಯೊಂದು ಕಂತೂ ಒಂದು ತಿಂಗಳು ಮುಂಚೆ ಬಂದು ಒಂದು ತಿಂಗಳು ಹೆಚ್ಚು ಬೆಳೆಯುವುದರಿಂದ, ಮೊದಲು ಕಂಡುಹಿಡಿದ ಕಂತನ್ನು 1.01ರಿಂದ ಭಾಗಿಸಿದರೆ ಸಾಕು: 4,707.35 ÷ 1.01 = ₹4,660.74. ಇಡೀ ಲೆಕ್ಕವನ್ನು 23 ಕಂತುಗಳೆಂದು ಹೊಸದಾಗಿ ಮಾಡುವ ಅಗತ್ಯವಿಲ್ಲ. ಹಾಗೆ ಮಾಡುವುದೇ ಆದರೆ ಮೊದಲ ದಿನ ಕಟ್ಟಿದ ಕಂತನ್ನು ಸಾಲದ ಮೊತ್ತದಿಂದ ಕಳೆದು, ಉಳಿದ ಸಾಲಕ್ಕೆ 23 ಕಂತುಗಳ ಸೂತ್ರ ಹಾಕಿ, ಎರಡೂ ದಾರಿಗಳಲ್ಲಿ ಒಂದೇ ಉತ್ತರ ಬರುತ್ತದೆಯೇ ಎಂದು ನೋಡಿಕೊಳ್ಳಬಹುದು.